ಕಾಲುಸಂಕ ಇಲ್ಲದೆ ಹಳ್ಳಕ್ಕೆ ಇಳೀಬೇಡ

"ಅಣ್ಣಾ, ನಾನು ತೀರ್ಥಹಳ್ಳಿ ಕಡೆಯವನು. ಬ್ಲೂ ಕಾರ್ಡ್ ಅನ್ನೋ ಕೆಲಸದ ವೀಸಾ ಮೇಲೆ ಜರ್ಮನಿಗೆ ಬಂದು ಏಳು ತಿಂಗಳಾಯ್ತು. ಸಂಬಳ ಚೆನ್ನಾಗಿದೆ, ಆದರೆ ಮ್ಯಾನೇಜರ್ ಎಲ್ಲರೆದುರು ಹೀಯಾಳಿಸ್ತಾನೆ. ಭಾನುವಾರ ಸಂಜೆಯಾದ್ರೆ ಹೊಟ್ಟೆ ತೊಳಸುತ್ತೆ. ಬಿಡ್ಲಾ, ಇರ್ಲಾ? ಊರಲ್ಲಿ ತೋಟದ ಮೇಲೆ ಸಾಲ ಇದೆ."

ಬಿಡು ಮಾರಾಯ. ಆದ್ರೆ ನಾಳೆಯಲ್ಲ.

ನಾನು ಹೊಸನಗರದವನು, ಇಲ್ಲಿಗೆ ಬಂದು ಹನ್ನೊಂದು ವರ್ಷ. ನನ್ನ ಮೊದಲ ಕಂಪನಿಯಲ್ಲೂ ಇಂಥವನೇ ಒಬ್ಬ ಇದ್ದ. ಶುಕ್ರವಾರ ಸಂಜೆ ಐದಕ್ಕೆ ಮೀಟಿಂಗ್ ಕರೆದು, ನಾನು ಮಾಡಿದ ಕೆಲಸವನ್ನ ತನ್ನದು ಅಂತ ತೋರಿಸಿ, ಅದರಲ್ಲಿ ತಪ್ಪು ಸಿಕ್ಕಿದರೆ ಮಾತ್ರ ನನ್ನ ಹೆಸರು ಹೇಳ್ತಿದ್ದ. ಇಲ್ಲಿಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡೋದು ರೂಢಿ, ಮೊದಮೊದಲು ಅದೇ ಅಂದುಕೊಂಡಿದ್ದೆ. ಆದ್ರೆ ಹಾಗೆ ನೇರವಾಗಿ ಮಾತಾಡೋರು ಕೆಲಸವನ್ನ ಬೈತಾರೆ, ಸಂಜೆ ನಗ್ತಾ ಮನೆಗೆ ಹೋಗ್ತಾರೆ. ನನ್ನವನು ಮನುಷ್ಯನನ್ನೇ ಬೈತಿದ್ದ, ಅದೂ ಭಾಷೆ ಬಾರದವರನ್ನ ಮಾತ್ರ.

ಎಂಟನೇ ತಿಂಗಳಲ್ಲಿ ಒಂದು ರಾತ್ರಿ ರಾಜೀನಾಮೆಯ ಇಮೇಲ್ ಬರೆದೆ. ಕಳಿಸಿದ್ದರೂ ನಡೀತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಇಲ್ಲಿ ರಾಜೀನಾಮೆ ಅಂದ್ರೆ ಕಾಗದ, ಅದರ ಮೇಲೆ ಪೆನ್ನಿನ ಸಹಿ. ಇಮೇಲ್‌ಗೆ ಕಾನೂನಿನಲ್ಲಿ ಬೆಲೆ ಇಲ್ಲ.

ನೀನೂ ಈಗ ಅದೇ ಜಾಗದಲ್ಲಿದ್ದೀಯ. ನಿರುದ್ಯೋಗ ಭತ್ಯೆ ಸಿಗಬೇಕಾದ್ರೆ ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. ಏಳು ತಿಂಗಳಿಗೆ ಒಂದು ಸೆಂಟೂ ಬರಲ್ಲ. 12 ತಿಂಗಳು ಆದ ಮೇಲೂ, ನೀನಾಗೇ ಬಿಟ್ಟರೆ ಸಾಮಾನ್ಯವಾಗಿ 12 ವಾರ ಭತ್ಯೆ ತಡೀತಾರೆ. ತಡೆಯಬಾರದು ಅಂದ್ರೆ ಬಲವಾದ ಕಾರಣ ತೋರಿಸಬೇಕು: ಡಾಕ್ಟರ್ ಬರೆದುಕೊಟ್ಟ ಚೀಟಿ, ಮತ್ತೆ ಯಾವ ದಿನ, ಎಷ್ಟು ಗಂಟೆಗೆ, ಏನಂದ, ಯಾರು ಕೇಳಿಸಿಕೊಂಡರು ಅನ್ನೋ ಟಿಪ್ಪಣಿ. ಆ ಟಿಪ್ಪಣಿ ಇವತ್ತೇ ಶುರುಮಾಡು. ಆಫೀಸ್ ಲ್ಯಾಪ್‌ಟಾಪಲ್ಲಿ ಬೇಡ, ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೋ.

ಇನ್ನು ವೀಸಾ. ಬ್ಲೂ ಕಾರ್ಡ್‌ನಲ್ಲಿ ಮೊದಲ 12 ತಿಂಗಳೊಳಗೆ ಕಂಪನಿ ಬದಲಾಯಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು, ಹೊಸ ಕೆಲಸ ಷರತ್ತಿಗೆ ಹೊಂದದಿದ್ದರೆ ಬೇಡ ಅನ್ನಲೂಬಹುದು. ವರ್ಷ ದಾಟಿದ ಮೇಲೆ ಆ ತಡೆ ಇಲ್ಲ. ಕಂಪನಿ ಬದಲಾದರೆ ಕಾಯಂ ವಾಸದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಅಂತ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಹೆದರಿಸ್ತಾರೆ, ಸುಳ್ಳು. ಕಾಯಂ ವಾಸಕ್ಕೆ ಜರ್ಮನ್ ಭಾಷೆ ಬಿ1 ಮಟ್ಟದಲ್ಲಿ ಬಂದರೆ 21 ತಿಂಗಳ ಕೆಲಸ, ಶುರುವಿನ ಎ1 ಮಟ್ಟ ಮಾತ್ರ ಇದ್ದರೆ 27. ಕಂಪನಿ ಎರಡಾದರೂ ತಿಂಗಳುಗಳು ಕೂಡ್ತಾ ಹೋಗ್ತವೆ, ಕೆಲಸವಿಲ್ಲದ ತಿಂಗಳು ಮಾತ್ರ ಸೇರಲ್ಲ.

ನಾನು ಆ ಇಮೇಲ್ ಅಳಿಸಿ, ಸಂದರ್ಶನಕ್ಕೆ ಹೋಗೋಕೆ ಶುರುಮಾಡಿದೆ. ಹತ್ತನೇ ತಿಂಗಳಲ್ಲಿ ಬೇರೆ ಕಂಪನಿಯ ಕರಾರಿಗೆ ಸಹಿ ಬಿತ್ತು. ಆಮೇಲೆ ಹಳೇ ಕಡೆ ಕಾಗದ ಕೊಟ್ಟೆ. ಕರಾರಿನಲ್ಲಿ ಮೂರು ತಿಂಗಳ ನೋಟಿಸ್ ಇತ್ತು. ಅಯ್ಯೋ, ಇನ್ನೂ ಮೂರು ತಿಂಗಳಾ ಅಂತ ಮೊದಲು ಸಂಕಟ ಆಯ್ತು. ಆದ್ರೆ ಆ ನೋಟಿಸೇ ನನ್ನನ್ನ ವರ್ಷದ ಆಚೆ ದಡಕ್ಕೆ ಹಾಕಿತು. ಬಿಡೋ ದಿನ ಗೊತ್ತಿದ್ದ ಮೇಲೆ ಶುಕ್ರವಾರದ ಮೀಟಿಂಗೂ ಅಷ್ಟು ಚುಚ್ಚಲಿಲ್ಲ.

ಸಂಬಳದ ವಿಷಯ. ಹಳೇದು ತಿಂಗಳಿಗೆ 5,200 ಯೂರೋ, ಹೊಸದು 4,800. ಅಪ್ಪಯ್ಯನಿಗೆ ಫೋನ್ ಮಾಡಿದಾಗ "400 ಅಂದ್ರೆ ಒಂದು ಆಳಿನ ಸಂಬಳಕ್ಕಿಂತ ಜಾಸ್ತಿ ಆಯ್ತಲ್ಲೋ" ಅಂದರು. ಅವರಿಗೆ ಗೊತ್ತಿಲ್ಲದ್ದು ಏನಂದ್ರೆ, ಆ ಮೇಲಿನ 400ರಲ್ಲಿ ಅರ್ಧದಷ್ಟು ತೆರಿಗೆ, ವಿಮೆ, ಪಿಂಚಣಿಗೆ ಹೋಗ್ತಿತ್ತು. ಕೈಗೆ ಬರೋದರಲ್ಲಿ ಕಮ್ಮಿಯಾಗಿದ್ದು 200ರ ಆಸುಪಾಸು. ನಿನ್ನ ಸಾಲದ ಕಂತನ್ನೂ ಕೈಗೆ ಬರೋ ಹಣದ ಜೊತೆಗೇ ಹೋಲಿಸು. ಹೊಸ ಸಂಬಳ ಬ್ಲೂ ಕಾರ್ಡ್‌ನ ಕನಿಷ್ಠ ಮಿತಿಗಿಂತ ಕೆಳಗೆ ಇಳೀಬಾರದು ಅಷ್ಟೆ. ಆ ಮಿತಿ ಪ್ರತಿ ಜನವರಿಗೆ ಬದಲಾಗುತ್ತೆ.

ಹೊಸ ಕಡೆ ಒಂದು ಅಪಾಯ ಇದೆ. ಅಲ್ಲಿ ಮತ್ತೆ ಆರು ತಿಂಗಳವರೆಗೂ ಪ್ರೊಬೇಷನ್ ಇರಬಹುದು, ಆ ಅವಧಿಯಲ್ಲಿ ಎರಡೇ ವಾರದ ನೋಟಿಸಿನಲ್ಲಿ ಕಳಿಸಬಹುದು. ಕಮ್ಮಿ ಮಾಡ್ತೀರಾ ಅಂತ ಕೇಳು; ನಾನು ಕೇಳಿದ್ದಕ್ಕೆ ಮೂರು ತಿಂಗಳಿಗೆ ಇಳಿಸಿದರು. ಹೊರಡುವಾಗ ಹಳೇ ಕಂಪನಿಯ ಸೇವಾ ಪ್ರಮಾಣಪತ್ರವನ್ನೂ ಓದಿಸಿಕೋ. ಅದರ ಹೊಗಳಿಕೆಯಲ್ಲೂ ಗುಟ್ಟು ಇರುತ್ತೆ. "ಸದಾ ನಮಗೆ ಸಂಪೂರ್ಣ ತೃಪ್ತಿಯಾಗುವಂತೆ" ಅಂದ್ರೆ ಒಳ್ಳೇ ಅಂಕ. "ತೃಪ್ತಿಯಾಗುವಂತೆ" ಅಂತಷ್ಟೇ ಇದ್ದರೆ ಹೇಗೋ ಪಾಸಾದವನು ಅಂತ ಅರ್ಥ. ನನಗೆ ಎರಡನೇದು ಬರೆದಿದ್ದ. ಎಚ್‌ಆರ್‌ಗೆ ಕಾಗದ ಬರೆದ ಮೇಲೆ ತಿದ್ದಿದರು.

ಈಗ ಕರಾರು ತೆಗೆದು ನೋಟಿಸ್ ಅವಧಿ ಎಷ್ಟಿದೆ ನೋಡು. ಮೂರು ತಿಂಗಳಿದ್ದರೆ, ಇನ್ನೆರಡು ತಿಂಗಳು ಕಳೆದ ಮೇಲೆ ಬೇರೆ ಕಡೆ ಸಹಿಯಾದರೂ ಹೊಸ ಕೆಲಸಕ್ಕೆ ಸೇರೋ ಹೊತ್ತಿಗೆ ನಿನ್ನ ವರ್ಷ ತುಂಬಿರುತ್ತೆ. ಬರೀ ನಾಲ್ಕು ವಾರ ಅಂತಿದ್ದರೆ ಮತ್ತೆ ಬರಿ, ಲೆಕ್ಕ ಬೇರೆ ಥರ ಹಾಕಬೇಕಾಗುತ್ತೆ.