ಯುರೇನಸ್ ಅಡ್ಡಬಿದ್ದಿದ್ದು ಹೇಗೆ?

ಪ್ರಶ್ನೆ: ಬೇರೆ ಗ್ರಹಗಳೆಲ್ಲ ಹೆಚ್ಚುಕಮ್ಮಿ ನೆಟ್ಟಗೆ ತಿರುಗ್ತವೆ, ಯುರೇನಸ್ ಒಂದೇ ಯಾಕೆ ಮಲಗಿಕೊಂಡು ಸೂರ್ಯನ್ನ ಸುತ್ತುತ್ತೆ?

ಗ್ರಹ ಇನ್ನೂ ರೂಪುಗೊಳ್ತಿದ್ದಾಗ ಭೂಮಿಗಿಂತ ದೊಡ್ಡದೇನೋ ಬಂದು ಗುದ್ದಿರಬೇಕು ಅನ್ನೋದು ಹೆಚ್ಚು ಜನ ಒಪ್ಪೋ ವಿವರಣೆ. ವಾಲಿರೋದು ಕಕ್ಷೆ ಅಲ್ಲ, ಅಕ್ಷ, ಅದೂ ಸುಮಾರು 98 ಡಿಗ್ರಿ (ನಮ್ಮ ಭೂಮಿದು ಇಪ್ಪತ್ಮೂರೂವರೆ ಅಷ್ಟೇ), ಹಾಗಾಗಿ ಅದು ಬುಗುರಿ ಥರ ಅಲ್ಲ, ನೆಲದ ಮೇಲೆ ಉರುಳೋ ಚೆಂಡಿನ ಥರ ಕಾಣುತ್ತೆ. ಒಂದು ಸುತ್ತಿಗೆ 84 ವರ್ಷ ಬೇಕು, ಧ್ರುವದಲ್ಲಿ ನಿಂತರೆ 42 ವರ್ಷ ಹಗಲು ಆಮೇಲೆ 42 ವರ್ಷ ರಾತ್ರಿ! 1986ರಲ್ಲಿ ವಾಯೇಜರ್ 2 ನೌಕೆ ಹತ್ತಿರ ಹೋದಾಗ ದಕ್ಷಿಣ ಧ್ರುವ ಸೂರ್ಯನ ಕಡೆಗೇ ಮುಖ ಮಾಡಿತ್ತು.

ಆದ್ರೆ ಒಂದೇ ಏಟು ಅಂದ್ರೆ ಒಂದು ತೊಡಕಿದೆ, ನನಗೆ ಇದೇ ಮಜಾ ಅನ್ಸೋದು. ಯುರೇನಸ್‌ನ ದೊಡ್ಡ ಚಂದ್ರರು ಐದೂ ಅದರ ನಡುಗೆರೆಯ ಮೇಲೇ, ಗ್ರಹ ತಿರುಗೋ ದಿಕ್ಕಲ್ಲೇ ಸುತ್ತುತ್ತವೆ, ಅಂದ್ರೆ ಅವೂ ಜೊತೆಗೆ ವಾಲಿವೆ. ಚಂದ್ರರು ಹುಟ್ಟೋ ಧೂಳಿನ ತಟ್ಟೆ ಮೊದಲೇ ಇದ್ದು, ಗ್ರಹ ನೆಟ್ಟಗಿನಿಂದ ಒಂದೇ ಸಲ 98 ಡಿಗ್ರಿ ಮಗುಚಿದ್ರೆ ಚಂದ್ರರು ಉಲ್ಟಾ ದಿಕ್ಕಲ್ಲಿ ಸುತ್ತಬೇಕು ಅಂತ ಖಗೋಳ ವಿಜ್ಞಾನಿ ಮೊರ್ಬಿಡೆಲ್ಲಿ ತಂಡದ ಲೆಕ್ಕ 2012ರಲ್ಲಿ ತೋರಿಸ್ತು. ಮೊದಲ ಏಟಿಗೆ ಸ್ವಲ್ಪ ವಾಲಿ, ಎರಡನೇ ಏಟಿಗೆ ಪೂರ್ತಿ ಅಡ್ಡಬಿದ್ರೆ ಮಾತ್ರ ದಿಕ್ಕು ಸರಿಹೋಗುತ್ತೆ.

ಗುದ್ದೇ ಬೇಡ ಅನ್ನೋರೂ ಇದಾರೆ: ಹಿಂದೆ ಇದ್ದ ದೊಡ್ಡ ಚಂದ್ರ ಒಂದು ನಿಧಾನಕ್ಕೆ ದೂರ ಸರೀತಾ ಗ್ರಹದ ಅಕ್ಷನ ವಾಲಿಸಿ, ಕೊನೆಗೆ ಅದರೊಳಗೇ ಬಿದ್ದಿರಬಹುದು ಅಂತ.