‘ನಾಟ್’, ‘ಎಕ್ಸೆಪ್ಟ್’ ಇರುವ ಪ್ರಶ್ನೆಯಲ್ಲಿ ಜಾರದಿರಲು ಸ–ತ ಲೆಕ್ಕ

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ನಾರ್ಸೆಟ್‌ಗೆ ಓದ್ತಿದ್ದೀನಿ. ಮಾಕ್ ಟೆಸ್ಟ್‌ನಲ್ಲಿ ಗೊತ್ತಿರೋ ಪ್ರಶ್ನೆಗಳೇ ತಪ್ಪಾಗ್ತಿವೆ. ನಾಟ್, ಎಕ್ಸೆಪ್ಟ್ ಅಂತ ಇದ್ದದ್ದು ಕಣ್ಣಿಗೇ ಬೀಳಲ್ಲ. ಇಲ್ಲಾಂದ್ರೆ ಕೊನೆಗೆ ಎರಡು ಆಪ್ಷನ್ ನಡುವೆ ಸಿಕ್ಕಿಹಾಕ್ಕೊಳ್ತೀನಿ. ಸೀನಿಯರ್ ಸಿಸ್ಟರ್ ಯಾರಾದ್ರೂ ದಾರಿ ಹೇಳಿ.

ನಿಮ್ಮ ತೊಂದರೆ ನನಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಬರೆದ ಮೊದಲ ಪರೀಕ್ಷೆಯಲ್ಲಿ ನಾನೂ ಹೀಗೇ ಅಂಕ ಕಳೆದುಕೊಂಡೆ. ನಾಲ್ಕು ವರ್ಷ ನಮಗೆ ಸರಿಯಾದದ್ದನ್ನು ಹುಡುಕುವುದನ್ನೇ ಕಲಿಸಿರುತ್ತಾರೆ. ಹಾಗಾಗಿ ಸರಿಯಾದ ಮಾತು ಕಂಡ ತಕ್ಷಣ ಬೆರಳು ಅದನ್ನೇ ಒತ್ತುತ್ತದೆ. ತಪ್ಪನ್ನು ಹುಡುಕಿ ಎಂದು ಕೇಳುವ ಪ್ರಶ್ನೆಯಲ್ಲಿ ಮೊದಲ ಆಪ್ಷನ್ ಅಚ್ಚುಕಟ್ಟಾಗಿ ಸರಿ ಇರುತ್ತದೆ ನೋಡಿ, ಅಲ್ಲೇ ನಾವು ಬೀಳುವುದು.

ನಾಟ್, ಎಕ್ಸೆಪ್ಟ್ ಇವೆರಡೂ ಹೆಚ್ಚಾಗಿ ದೊಡ್ಡ ಅಕ್ಷರದಲ್ಲಿರುತ್ತವೆ. ನೋಡಿದರೆ ಸಿಗುತ್ತವೆ. ಜಾಸ್ತಿ ಮೋಸ ಮಾಡುವುದು ‘ಇಲ್ಲ’ ಎಂಬ ಪದವೇ ಇಲ್ಲದ ಪ್ರಶ್ನೆಗಳು. ‘ರೋಗಿಯ ಯಾವ ಮಾತು ಕೇಳಿದರೆ ಫರ್ದರ್ ಟೀಚಿಂಗ್ ಬೇಕು ಅನ್ನಿಸುತ್ತದೆ’, ‘ಯಾವ ಆರ್ಡರನ್ನು ನರ್ಸ್ ಕ್ವೆಶ್ಚನ್ ಮಾಡಬೇಕು’, ‘ಯಾವುದು ಕಾಂಟ್ರಾಇಂಡಿಕೇಟೆಡ್’. ಇವೆಲ್ಲ ತಪ್ಪನ್ನು ಕೇಳುವ ಪ್ರಶ್ನೆಗಳೇ. ಆದ್ದರಿಂದ ಪದ ಹುಡುಕುವುದನ್ನು ಬಿಡಿ. ಪ್ರಶ್ನೆ ಓದಿದ ಮೇಲೆ ಆಪ್ಷನ್ ನೋಡುವ ಮುಂಚೆ ಮನಸ್ಸಿನಲ್ಲೇ ಕನ್ನಡದಲ್ಲಿ ಚುಟುಕಾಗಿ ಹೇಳಿಕೊಳ್ಳಿ: ‘ತಪ್ಪು ಮಾತು ಯಾವುದು?’ ಅಥವಾ ‘ಯಾವುದನ್ನು ಕೊಡಬಾರದು?’ ನಾಲ್ಕೈದು ಸೆಕೆಂಡ್ ಸಾಕು.

ಆಮೇಲೆ ರಫ್ ಹಾಳೆಯಲ್ಲಿ ನಾಲ್ಕೂ ಆಪ್ಷನ್‌ಗೆ ‘ಸ’ ಅಥವಾ ‘ತ’ ಎಂದು ಬರೆಯಿರಿ. ಉತ್ತರ ಹುಡುಕಬೇಡಿ. ಪ್ರತಿ ಆಪ್ಷನ್ನನ್ನೂ ಒಂದು ಬಿಡಿ ವಾಕ್ಯ ಎಂದುಕೊಂಡು, ಅದು ಸರಿಯೋ ತಪ್ಪೋ ಅಷ್ಟನ್ನೇ ನೋಡಿ.

ಒಂದು ಉದಾಹರಣೆ ಮಾಡಿ ನೋಡೋಣ. ಡಿಗಾಕ್ಸಿನ್ ಮಾತ್ರೆ ಬರೆಸಿಕೊಂಡು ಮನೆಗೆ ಹೊರಟ ರೋಗಿ. ಯಾವ ಮಾತು ಕೇಳಿದರೆ ಅವರಿಗೆ ಫರ್ದರ್ ಟೀಚಿಂಗ್ ಬೇಕು ಅನ್ನಿಸುತ್ತದೆ?

ಒಂದು: ‘ಮಾತ್ರೆ ತಗೊಳ್ಳೋ ಮುಂಚೆ ಒಂದು ನಿಮಿಷ ಪೂರ್ತಿ ನಾಡಿ ಎಣಿಸ್ತೀನಿ.’
ಎರಡು: ‘ಊಟ ಸೇರದೆ ವಾಕರಿಕೆ ಬಂದ್ರೆ, ಕಣ್ಣಿಗೆ ಹಳದಿ ಹಳದಿ ಕಂಡ್ರೆ ಆಸ್ಪತ್ರೆಗೆ ತಿಳಿಸ್ತೀನಿ.’
ಮೂರು: ‘ನಾಡಿ 60ಕ್ಕಿಂತ ಕಡಿಮೆ ಇದ್ರೆ ಮಾತ್ರೆ ತಗೊಳ್ಳದೆ ಡಾಕ್ಟರಿಗೆ ಫೋನ್ ಮಾಡ್ತೀನಿ.’
ನಾಲ್ಕು: ‘ನಿನ್ನೆ ಮರೆತಿದ್ರೆ ಇವತ್ತು ಎರಡು ಮಾತ್ರೆ ಒಟ್ಟಿಗೆ ತಗೊಳ್ತೀನಿ.’

ಅವಸರದಲ್ಲಿದ್ದವರು ಒಂದನ್ನೇ ಒತ್ತಿ ಮುಂದೆ ಹೋಗುತ್ತಾರೆ, ಯಾಕೆಂದರೆ ಡಿಗಾಕ್ಸಿನ್ ಅಂದರೆ ನಾಡಿ ಎಂದು ತಲೆಯಲ್ಲಿ ಕೂತಿದೆ. ಸ–ತ ಬರೆದರೆ ಹಾಗಾಗುವುದಿಲ್ಲ. ಡಿಗಾಕ್ಸಿನ್ ಎದೆಬಡಿತವನ್ನು ನಿಧಾನ ಮಾಡುತ್ತದೆ, ಅದಕ್ಕೇ ನಾಡಿ ಎಣಿಸಬೇಕು. ಒಂದು ‘ಸ’. ವಾಕರಿಕೆ, ಹಳದಿ ಕಾಣುವುದು ಔಷಧಿ ಮೈಯಲ್ಲಿ ಹೆಚ್ಚಾದ ಗುರುತು. ಎರಡೂ ‘ಸ’. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಆ ಡೋಸ್ ತಡೆಯಬೇಕು, ಹಾಗಾಗಿ ಮೂರೂ ‘ಸ’. ಈ ಔಷಧಿಯಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ, ಎರಡು ಒಟ್ಟಿಗೆ ತಗೊಳ್ಳಲೇಬಾರದು. ನಾಲ್ಕು ‘ತ’. ಸ ಸ ಸ ತ. ಉತ್ತರ ನಾಲ್ಕು.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಈ ಸ–ತ ಸಾಲು ಉತ್ತರ ಕೊಡುವುದಷ್ಟೇ ಅಲ್ಲ, ನೀವು ಪ್ರಶ್ನೆಯನ್ನು ಸರಿಯಾಗಿ ಓದಿದ್ದೀರಾ ಎಂಬುದನ್ನೂ ಹೇಳುತ್ತದೆ. ಮೂರು ಸ, ಒಂದು ತ ಬಂದರೆ ಅದು ತಪ್ಪನ್ನು ಕೇಳುವ ಪ್ರಶ್ನೆ. ಒಂದು ಸ, ಮೂರು ತ ಬಂದರೆ ಸರಿಯಾದದ್ದನ್ನು ಕೇಳುವ ಪ್ರಶ್ನೆ. ‘ಸರಿ ಯಾವುದು’ ಎಂದು ಓದಿಕೊಂಡಿದ್ದೀರಿ, ಆದರೆ ಮೂರು ಆಪ್ಷನ್ ಸರಿ ಕಾಣುತ್ತಿವೆ ಅಂದರೆ ಆಪ್ಷನ್‌ಗಳ ಜೊತೆ ಗುದ್ದಾಡಬೇಡಿ. ಮೇಲಕ್ಕೆ ಹೋಗಿ ಪ್ರಶ್ನೆಯನ್ನೇ ಮತ್ತೆ ಓದಿ. ಎಲ್ಲೋ ಒಂದು ‘ಎಕ್ಸೆಪ್ಟ್’ ಬಿಟ್ಟು ಹೋಗಿರುತ್ತದೆ.

ಎರಡು ‘ಇಲ್ಲ’ ಸೇರಿದ ಪ್ರಶ್ನೆಗೂ ಇದೇ ದಾರಿ. ‘ಗರ್ಭಿಣಿಗೆ ಯಾವ ಲಸಿಕೆ ಕಾಂಟ್ರಾಇಂಡಿಕೇಟೆಡ್ ಅಲ್ಲ?’ ಎಂಎಂಆರ್, ವ್ಯಾರಿಸೆಲ್ಲಾ, ಟಿಡಿ, ಬಿಸಿಜಿ. ಕೊಡಬಾರದ್ದು ಅಲ್ಲ ಅಂದರೆ ಕೊಡಬಹುದಾದದ್ದು, ಅಷ್ಟೇ. ಎಂಎಂಆರ್, ವ್ಯಾರಿಸೆಲ್ಲಾ, ಬಿಸಿಜಿ ಮೂರೂ ಜೀವಂತ ರೋಗಾಣುಗಳನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗಳು, ಗರ್ಭಿಣಿಗೆ ಕೊಡುವುದಿಲ್ಲ. ಟಿಡಿ ಕೊಡುತ್ತೇವೆ, ಆಂಟಿನೇಟಲ್ ಕ್ಲಿನಿಕ್‌ನಲ್ಲಿ ನೀವೇ ಹಾಕಿರುತ್ತೀರಿ. ಮೂರು ಒಂದೇ ಗುಂಪಿಗೆ ಸೇರಿದರೆ ಹೊರಗುಳಿದದ್ದರ ಮೇಲೆ ಕಣ್ಣಿಡಿ.

ನಾಲ್ಕೂ ‘ಸ’ ಬಂದರೆ? ಆಗ ಅದು ಯಾವುದು ಮೊದಲು ಎಂದು ಕೇಳುವ ಪ್ರಶ್ನೆ. ನೀವು ಎರಡು ಆಪ್ಷನ್ ನಡುವೆ ಸಿಕ್ಕಿಕೊಳ್ಳುವುದು ಬಹುಶಃ ಇಲ್ಲೇ. ರಕ್ತ ಹಾಕಲು ಶುರು ಮಾಡಿ ಹತ್ತು ನಿಮಿಷ ಆಗಿದೆ. ರೋಗಿಗೆ ಚಳಿ, ನಡುಕ, ಸೊಂಟ ನೋವು. ಮೊದಲು ಏನು ಮಾಡುತ್ತೀರಿ? ಡಾಕ್ಟರಿಗೆ ತಿಳಿಸುವುದು, ರಕ್ತ ನಿಲ್ಲಿಸುವುದು, ಬಿಪಿ ಮತ್ತು ಟೆಂಪರೇಚರ್ ನೋಡುವುದು, ಬ್ಯಾಗನ್ನು ಸೆಟ್ ಸಮೇತ ಬ್ಲಡ್ ಬ್ಯಾಂಕ್‌ಗೆ ಕಳಿಸುವುದು. ನಾಲ್ಕನ್ನೂ ವಾರ್ಡ್‌ನಲ್ಲಿ ಮಾಡುತ್ತೇವೆ, ಯಾವುದೂ ಸುಳ್ಳಲ್ಲ. ಇಲ್ಲಿ ಪ್ರತಿಯೊಂದಕ್ಕೂ ಒಂದೇ ಮಾತು ಕೇಳಿ: ‘ಇದೊಂದನ್ನೇ ಮಾಡಿ ಕೈಕಟ್ಟಿ ನಿಂತರೆ ರೋಗಿಗೆ ಏನಾಗುತ್ತದೆ?’ ಡಾಕ್ಟರಿಗೆ ಫೋನ್ ಮಾಡುವಾಗಲೂ ರಕ್ತ ಒಳಗೆ ಹೋಗುತ್ತಲೇ ಇದೆ. ಬಿಪಿ ನೋಡುವಾಗಲೂ ಹೋಗುತ್ತಿದೆ. ನಿಲ್ಲಿಸಿದರೆ ಮಾತ್ರ ಹಾನಿ ಹೆಚ್ಚಾಗುವುದು ತಪ್ಪುತ್ತದೆ. ನಿಲ್ಲಿಸಿ, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ರಕ್ತನಾಳ ಉಳಿಸಿಕೊಂಡು, ಆಮೇಲೆ ಉಳಿದದ್ದು.

ಅರ್ಧ ಸರಿ ಇರುವ ಆಪ್ಷನ್‌ಗಳ ಬಗ್ಗೆಯೂ ಎಚ್ಚರ. ‘ಟ್ಯೂಬ್ ಫೀಡ್ ಕೊಡುವಾಗ ತಲೆಯ ಕಡೆ 30–45 ಡಿಗ್ರಿ ಎತ್ತಿ, ಫೀಡ್ ಮುಗಿದ ಕೂಡಲೇ ಚಪ್ಪಟೆಯಾಗಿ ಮಲಗಿಸಿ.’ ಮೊದಲರ್ಧ ಚೆನ್ನಾಗಿದೆ, ಎರಡನೆಯದು ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ದಾರಿ. ಅರ್ಧ ತಪ್ಪಿದ್ದರೂ ಪೂರ್ತಿ ‘ತ’ ಎಂದೇ ಬರೆಯಿರಿ.

ಆಲ್ವೇಸ್, ನೆವರ್ ಇದ್ದರೆ ಕಣ್ಣುಮುಚ್ಚಿ ತೆಗೆದುಹಾಕಿ ಎಂದು ಕೋಚಿಂಗ್‌ನಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ಪೊಟ್ಯಾಶಿಯಂ ಕ್ಲೋರೈಡನ್ನು ನೆವರ್ ಐವಿ ಪುಶ್ ಆಗಿ ಕೊಡಬೇಡಿ’ ಎಂಬ ಆಪ್ಷನ್ ಬಂತು ಅನ್ನಿ. ಹಾಗೆ ನಿಜಕ್ಕೂ ಎಂದೂ ಕೊಡಬಾರದು, ಹೃದಯವೇ ನಿಲ್ಲಬಹುದು. ಅಲ್ಲಿ ‘ನೆವರ್’ ಸರಿಯೇ. ಆ ಪದ ಕಂಡರೆ ಅನುಮಾನಪಡಿ, ಆದರೆ ವಿಷಯ ನೋಡಿಯೇ ತೀರ್ಮಾನಿಸಿ.

ಏನೂ ಗೊತ್ತಿಲ್ಲದ ಪ್ರಶ್ನೆಗೆ ಬನ್ನಿ. ನಾರ್ಸೆಟ್‌ನಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. 36 ಪ್ರಶ್ನೆಗೆ ಸುಮ್ನೆ ಊಹಿಸಿದರೆ ಸರಾಸರಿ 9 ಸರಿ, 27 ತಪ್ಪು. 9 ಬಂತು, 9 ಹೋಯಿತು, ಕೈಗೆ ಸೊನ್ನೆ. ಪ್ರತಿಯೊಂದರಲ್ಲೂ ಒಂದು ಆಪ್ಷನ್ನನ್ನು ಖಚಿತವಾಗಿ ತೆಗೆದಿದ್ದರೆ 12 ಸರಿ, 24 ತಪ್ಪು, 4 ಅಂಕ ಉಳಿಯುತ್ತದೆ. ಎರಡನ್ನು ತೆಗೆದಿದ್ದರೆ 18 ಸರಿ, 18 ತಪ್ಪು, 12 ಅಂಕ. ಹಾಗಾಗಿ ಒಂದನ್ನೂ ತೆಗೆಯಲಾಗದ ಪ್ರಶ್ನೆ ಬಿಡಿ. ಎರಡು ಉಳಿದರೆ ಬರೆಯಿರಿ, ಹೆದರಬೇಡಿ.

ಮುಂದಿನ ಮಾಕ್ ಟೆಸ್ಟ್ ಆದ ಮೇಲೆ ತಪ್ಪಾದವನ್ನು ಎರಡು ಪಟ್ಟಿ ಮಾಡಿ: ಗೊತ್ತಿಲ್ಲದೆ ತಪ್ಪಿದ್ದು, ಪ್ರಶ್ನೆಯನ್ನೇ ತಪ್ಪಾಗಿ ಓದಿ ತಪ್ಪಿದ್ದು. ಎರಡನೇ ಪಟ್ಟಿಯ ಪ್ರಶ್ನೆಗಳನ್ನು ಮಾತ್ರ ಸ–ತ ಹಾಕಿ ಮತ್ತೆ ಮಾಡಿ. ಎಲ್ಲಾದರೂ ಸಾಲು ಹೊಂದದಿದ್ದರೆ ಆ ಪ್ರಶ್ನೆಯನ್ನು ಇಲ್ಲೇ ಕೆಳಗೆ ಬರೆಯಿರಿ. ನೈಟ್ ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ.