ಕೊನೆಯ ಸ್ಲೈಡಿನ ಡಿಸ್‌ಕ್ಲೈಮರ್ ಯಾರೂ ಓದಲ್ಲ

ಪ್ರಶ್ನೆ: ಕಾಸರಗೋಡಿನ ನಮ್ಮ ಕನ್ನಡ ನೌಕರರ ಗುಂಪಿಗೆ ಟ್ಯಾಕ್ಸ್ ರಿಟರ್ನ್ ಬಗ್ಗೆ ಹತ್ತು ಸ್ಲೈಡಿನ ಕ್ಯಾರೊಸೆಲ್ ಮಾಡ್ತಾ ಇದ್ದೇನೆ. ಸರಳ ಮಾಡಿದ್ರೆ ತಪ್ಪಾಗುತ್ತೆ, ಸರಿಯಾಗಿ ಬರೆದ್ರೆ ಯಾರೂ ಓದಲ್ಲ. ಏನ್ಮಾಡ್ಲಿ? ಡಿಸ್‌ಕ್ಲೈಮರ್ ಎಲ್ಲಿ ಹಾಕಲಿ?

ಮೊದಲನೇ ಸ್ಲೈಡಿನಲ್ಲೇ ಹಾಕಿ. ಅದರ ಒಂದು ತುಂಡನ್ನು ಉಳಿದ ಎಲ್ಲ ಸ್ಲೈಡುಗಳ ಬುಡದಲ್ಲೂ ಹಾಕಿ. ಯಾಕೆ ಅಂದರೆ ನಿಮ್ಮ ಹತ್ತು ಸ್ಲೈಡು ಹತ್ತಾಗಿಯೇ ಊರೆಲ್ಲ ತಿರುಗುವುದಿಲ್ಲ. ಯಾರೋ ಒಬ್ಬರು ಒಂದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ, ಆಮೇಲೆ ಅದೊಂದೇ ತಿರುಗುತ್ತದೆ. ಕೊನೆಯಲ್ಲಿ ನೀವು ಸಣ್ಣ ಅಕ್ಷರದಲ್ಲಿ ಬರೆದ ಎಚ್ಚರಿಕೆ ನಿಮ್ಮ ಪೇಜಿನಲ್ಲೇ ಕೂತಿರುತ್ತದೆ.

ಇದು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ನಾನು ಬದಿಯಡ್ಕದ ಹತ್ತಿರದವ, ಸುಮಾರು ವರ್ಷಗಳಿಂದ ಜನರ ರಿಟರ್ನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. 2025ರ ಫೆಬ್ರವರಿ 1ರಂದು ಬಜೆಟ್ ಬಂತು, ಅದೇ ಸಂಜೆ "12 ಲಕ್ಷದವರೆಗೆ ತೆರಿಗೆ ಇಲ್ಲ" ಅಂತ ದಪ್ಪಕ್ಷರದಲ್ಲಿ ಒಂದು ಸ್ಲೈಡ್ ಮಾಡಿ ಬಿಟ್ಟೆ. ಜುಲೈಯಲ್ಲಿ ಒಬ್ಬರು ಟೀಚರ್ ಬಂದರು. ಮೊಬೈಲಿನಲ್ಲಿ ನನ್ನ ಸ್ಲೈಡು, ಕೈಯಲ್ಲಿ ಫಾರ್ಮ್ 16. ವರ್ಷದ ಸಂಬಳ 9,60,000, ಟಿಡಿಎಸ್ ಕಡಿದದ್ದು 40,040. "ಇದೆಲ್ಲ ವಾಪಸ್ ಬರ್ತದೆ ಅಲ್ವಾ ಸಾರ್? ನೀವೇ ಬರೆದಿದ್ದೀರಲ್ಲ" ಅಂದರು. ಬರುವುದಿಲ್ಲ. ಅವರು ಹಾಕುತ್ತಿದ್ದದ್ದು 2024-25ರ ಆದಾಯದ ರಿಟರ್ನ್. ಆ ವರ್ಷಕ್ಕೆ ಮಿತಿ 7 ಲಕ್ಷ. 12 ಲಕ್ಷದ ಮಾತು ಶುರುವಾಗುವುದು 2025ರ ಏಪ್ರಿಲ್ 1ರಿಂದ ಬಂದ ಸಂಬಳಕ್ಕೆ. ಸ್ಲೈಡಿನಲ್ಲಿ ನಾನು ವರ್ಷವನ್ನೇ ಬರೆದಿರಲಿಲ್ಲ. ಅವರು ಪಾಪ, ಆ 40,000ಕ್ಕೆ ಮನೆಗೆ ಇನ್ವರ್ಟರ್ ಹಾಕಿಸುವ ಲೆಕ್ಕದಲ್ಲಿದ್ದರು.

ಹಾಗಾಗಿ ಬುಡದ ಸಾಲು ಇಷ್ಟು ಸಾಕು: "2025-26ರ ಆದಾಯಕ್ಕೆ ಮಾತ್ರ, ಹೊಸ ಪದ್ಧತಿ." "ಎವೈ 2026-27" ಅಂತ ಬರೆಯಬೇಡಿ. ಅಸೆಸ್‌ಮೆಂಟ್ ವರ್ಷ ಯಾವುದು, ದುಡಿದ ವರ್ಷ ಯಾವುದು ಅನ್ನುವುದರಲ್ಲೇ ಅರ್ಧ ಜನ ಕಂಗಾಲಾಗುತ್ತಾರೆ. ಪೋರ್ಟಲಿನಲ್ಲಿ ಯಾವುದನ್ನು ಒತ್ತಬೇಕು ಅಂತ ತೋರಿಸುವ ಸ್ಲೈಡಿನಲ್ಲಿ ಮಾತ್ರ `AY 2026-27` ಅಂತ ಅಲ್ಲಿ ಕಾಣುವ ಹಾಗೇ ಹಾಕಿ.

ಈಗ ಆ 12 ಲಕ್ಷದ ಸ್ಲೈಡಿಗೆ ಬರೋಣ. ಜಾಸ್ತಿ ಹಂಚಿಕೆಯಾಗುವುದು ಅದು, ಜಾಸ್ತಿ ತಪ್ಪಾಗುವುದೂ ಅದೇ. ತಪ್ಪಿಗೆ ಅರ್ಧ ಕಾರಣ ನಮ್ಮ ಕನ್ನಡ ಪದವೇ. "12 ಲಕ್ಷದವರೆಗೆ ವಿನಾಯಿತಿ" ಅಂತ ಬರೆದುಬಿಡುತ್ತೇವೆ. ಆದರೆ ಇಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ, ಮೂರಕ್ಕೂ ನಾವು ವಿನಾಯಿತಿ ಅನ್ನುತ್ತೇವೆ. ಒಂದು, ತೆರಿಗೆಯೇ ಹತ್ತದ ಮೊದಲ 4 ಲಕ್ಷ. ಎರಡು, ಸಂಬಳದಿಂದ ಸೀದಾ ಕಳೆಯುವ 75,000. ಮೂರು, 12 ಲಕ್ಷದವರೆಗಿನವರಿಗೆ ಲೆಕ್ಕ ಹಾಕಿ ಬಂದ ತೆರಿಗೆಯನ್ನು ಬಿಟ್ಟುಬಿಡುವುದು, ಹೆಚ್ಚೆಂದರೆ 60,000. ನಾನು ಈಗ ಮೊದಲನೆಯದಕ್ಕೆ "ತೆರಿಗೆ ಹತ್ತದ ಮಟ್ಟ", ಎರಡನೆಯದಕ್ಕೆ "ಕಳೆಯುವುದು", ಮೂರನೆಯದಕ್ಕೆ "ಮನ್ನಾ" ಅಂತಲೇ ಬರೆಯುತ್ತೇನೆ. ಸಾಲ ಮನ್ನಾ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು: ಸಾಲ ಇತ್ತು, ಬಿಟ್ಟರು. ಇದೂ ಹಾಗೇ, ತೆರಿಗೆ ಬಂತು, ಬಿಟ್ಟರು.

ಪದ ಸರಿಯಾದರೆ ಇನ್ನೊಂದು ಗೊಂದಲವೂ ತಾನಾಗಿ ಹೋಗುತ್ತದೆ. "ನನಗೆ ತೆರಿಗೆ ಸೊನ್ನೆ, ಮತ್ತೆ ಯಾಕೆ ರಿಟರ್ನ್?" ಅಂತ ಕೇಳುವವರಿಗೆ ಉತ್ತರ ಅಲ್ಲೇ ಇದೆ. 75,000 ಕಳೆದ ಮೇಲೂ ನಿಮ್ಮ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. ಮನ್ನಾ ಸಿಗುವುದು ಆಮೇಲಿನ ಮಾತು.

ಇನ್ನು ಲೆಕ್ಕ. ಸ್ಲ್ಯಾಬುಗಳ ಪಟ್ಟಿ ಹಾಕುವ ಬದಲು ಒಬ್ಬರ ಲೆಕ್ಕವನ್ನು ಮೂರು ಸ್ಲೈಡಿನಲ್ಲಿ ಪೂರ್ತಿ ತೋರಿಸಿ. ಮೊನ್ನೆ ಜೂನ್‌ನಲ್ಲಿ ಬಂದವರೊಬ್ಬರದನ್ನು ಹೇಳುತ್ತೇನೆ. ಮಂಜೇಶ್ವರದಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿಬರುವವರು, ವರ್ಷದ ಸಂಬಳ 12,40,000. 75,000 ಕಳೆದರೆ 11,65,000. 12 ಲಕ್ಷದ ಒಳಗೇ ಇದೆ, ಹಾಗಾಗಿ ಆಫೀಸಿನವರು ಒಂದು ರೂಪಾಯಿ ಟಿಡಿಎಸ್ ಕಡಿದಿಲ್ಲ. ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ. ಅವರು ಖುಷಿಯಲ್ಲೇ ಬಂದಿದ್ದರು, "ಸುಮ್ನೆ ಒಂದು ಬಟನ್ ಒತ್ತಿಬಿಡಿ" ಅಂದರು.

ಬಟನ್ ಒತ್ತುವ ಮೊದಲು ಎಐಎಸ್ ತೆಗೆದೆ. ಆದಾಯ ತೆರಿಗೆ ಪೋರ್ಟಲಿನಲ್ಲಿ `AIS` ಅಂತ ಇರುತ್ತದಲ್ಲ, ನಿಮ್ಮ ಪ್ಯಾನ್ ಮೇಲೆ ಬ್ಯಾಂಕು, ಕಂಪನಿ ಎಲ್ಲ ಏನೇನು ವರದಿ ಕೊಟ್ಟಿವೆ ಅನ್ನುವ ಪಟ್ಟಿ. ಅದರಲ್ಲಿ ಎಫ್‌ಡಿ ಬಡ್ಡಿ 60,000 ಇತ್ತು. ಅಪ್ಪ ಜಾಗ ಮಾರಿ ಕೊಟ್ಟ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿದ್ದರಂತೆ. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ಶೇ. 10ರಂತೆ 6,000 ಟಿಡಿಎಸ್ ಕಡಿದಿತ್ತು. "ಬ್ಯಾಂಕಿನವರೇ ಕಡಿದಿದ್ದಾರಲ್ಲ, ಅದರ ಕತೆ ಮುಗಿಯಿತು" ಅಂದುಕೊಂಡಿದ್ದರು. ಮುಗಿದಿರಲಿಲ್ಲ.

ಈಗ ಒಟ್ಟು 13,00,000 ಆಯಿತು. 75,000 ಕಳೆದರೆ 12,25,000. 12 ಲಕ್ಷ ದಾಟಿತು, ಮನ್ನಾ ಹೋಯಿತು. ಸ್ಲ್ಯಾಬ್ ಪ್ರಕಾರ 4ರಿಂದ 8 ಲಕ್ಷಕ್ಕೆ ಶೇ. 5, ಅಂದರೆ 20,000. 8ರಿಂದ 12ಕ್ಕೆ ಶೇ. 10, ಅಂದರೆ 40,000. ಮೇಲಿನ 25,000ಕ್ಕೆ ಶೇ. 15, ಅಂದರೆ 3,750. ಒಟ್ಟು 63,750. ಬರೀ 25,000 ದಾಟಿದ್ದಕ್ಕೆ 63,750 ಕಟ್ಟು ಅಂದರೆ ಅನ್ಯಾಯ ಅಲ್ವಾ? ಅದಕ್ಕೇ ಮಾರ್ಜಿನಲ್ ರಿಲೀಫ್ ಅಂತ ಇದೆ. 12 ಲಕ್ಷದ ಮೇಲೆ ಎಷ್ಟು ದಾಟಿದಿರೋ ತೆರಿಗೆ ಅದಕ್ಕಿಂತ ಜಾಸ್ತಿ ಆಗಬಾರದು. ಹಾಗಾಗಿ ಅವರ ತೆರಿಗೆ 25,000, ಅದರ ಮೇಲೆ ಶೇ. 4 ಸೆಸ್ 1,000, ಒಟ್ಟು 26,000. ಬ್ಯಾಂಕು ಕಡಿದ 6,000 ಕಳೆದು ಕೈಯಿಂದ 20,000. ಬಾಕಿ 10,000ಕ್ಕಿಂತ ಜಾಸ್ತಿ ಇದ್ದದ್ದರಿಂದ ಮಾರ್ಚ್ ಒಳಗೇ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿತ್ತು. ಕಟ್ಟದ್ದಕ್ಕೆ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1 ಬಡ್ಡಿ, ಜೂನ್‌ಗೆ ಮೂರು ತಿಂಗಳ 600 ಆಯಿತು. ಕಂತು ತಪ್ಪಿಸಿದ್ದಕ್ಕೆ ಬೇರೆ ಬಡ್ಡಿಯೂ ಸೇರಿತು, ಅದನ್ನು ಪೋರ್ಟಲ್ ತಾನೇ ಲೆಕ್ಕ ಹಾಕಿಕೊಂಡಿತು.

ಈ ಲೆಕ್ಕದಿಂದ ನಿಮ್ಮ ಸ್ಲೈಡಿಗೆ ಬೇಕಾದ ವಾಕ್ಯ ಸಿಗುತ್ತದೆ. "12 ಲಕ್ಷದವರೆಗೆ ತೆರಿಗೆ ಇಲ್ಲ" ಅನ್ನುವ ಜಾಗದಲ್ಲಿ ಹೀಗೆ ಬರೆಯಿರಿ: "ಸಂಬಳ ಮತ್ತು ಎಲ್ಲ ಬಡ್ಡಿ ಕೂಡಿಸಿ, 75,000 ಕಳೆಯಿರಿ. ಬಂದದ್ದು 12 ಲಕ್ಷದ ಒಳಗಿದ್ದರೆ ತೆರಿಗೆ ಮನ್ನಾ." ಪದ ಸ್ವಲ್ಪ ಜಾಸ್ತಿಯಾಯಿತು, ಆದರೆ ಎಲ್ಲೂ ಕಷ್ಟದ ಪದ ಇಲ್ಲ. "ಎಲ್ಲ ಬಡ್ಡಿ" ಅನ್ನುವುದನ್ನು ದಪ್ಪ ಮಾಡಿ. ಹೊಸ ಪದ್ಧತಿಯಲ್ಲಿ ಎಸ್‌ಬಿ ಖಾತೆಯ ಸಣ್ಣ ಬಡ್ಡಿಯೂ ಸೇರುತ್ತದೆ. ಟಿಡಿಎಸ್ ಕಡಿದಿಲ್ಲ ಅಂದಮಾತ್ರಕ್ಕೆ ಬಡ್ಡಿ ಲೆಕ್ಕಕ್ಕಿಲ್ಲ ಅಂತಲೂ ಅಲ್ಲ. ಊರಿನ ಸೊಸೈಟಿಯಲ್ಲಿ ಇಟ್ಟ ಡೆಪಾಸಿಟ್ ಬಗ್ಗೆ ಈ ಮಾತು ನಮ್ಮ ಕಡೆ ಪ್ರತಿ ವರ್ಷ ಹೇಳಬೇಕಾಗುತ್ತದೆ. ಮಾರ್ಜಿನಲ್ ರಿಲೀಫಿನ ಸ್ಲೈಡ್ ಮಾಡಲೇಬೇಕು ಅಂತಿಲ್ಲ, ಉದಾಹರಣೆಯಲ್ಲಿ ಬಂದರೆ ಸಾಕು.

ಡಿಸ್‌ಕ್ಲೈಮರ್ ವಿಷಯ. "ಇದು ಮಾಹಿತಿಗಾಗಿ ಮಾತ್ರ, ತಜ್ಞರನ್ನು ಸಂಪರ್ಕಿಸಿ" ಅನ್ನುವ ಸಾಲನ್ನು ನಮ್ಮ ಕಣ್ಣು ನೋಡುವುದೇ ಇಲ್ಲ, ಬಸ್ಸಿನಲ್ಲಿ ಧೂಮಪಾನ ನಿಷೇಧಿಸಿದೆ ಅಂತ ಬರೆದ ಹಾಗೆ. ಓದುವವನಿಗೆ ಬೇಕಾದದ್ದು ಒಂದೇ: ಇದು ನನಗೆ ಹೊಂದುತ್ತದಾ ಇಲ್ಲವಾ? ಹಾಗಾಗಿ ಯಾರಿಗೆ ಅಲ್ಲ ಅನ್ನುವುದನ್ನು ಹೆಸರು ಹಿಡಿದು ಹೇಳಿ. ನಾನು ಈಗ ಬಳಸುವುದು ಇದು:

"ಈ ಲೆಕ್ಕ 2025-26ರಲ್ಲಿ ಸಂಬಳ ಮತ್ತು ಬಡ್ಡಿ ಮಾತ್ರ ಇದ್ದವರಿಗೆ. ಅಡಿಕೆ, ತೆಂಗು, ರಬ್ಬರ್ ಆದಾಯ ಇದೆಯಾ? ಶೇರು ಮಾರಿದಿರಾ? ವರ್ಷದಲ್ಲಿ ಸ್ವಲ್ಪ ಕಾಲ ಗಲ್ಫಿನಲ್ಲಿದ್ದಿರಾ? ಒಂದಕ್ಕೆ ಹೌದು ಅಂದರೂ ನಿಮ್ಮ ಲೆಕ್ಕ ಬೇರೆ, ಕಾಗದಪತ್ರ ತಿಳಿದವರಿಗೆ ತೋರಿಸಿ. ನಿಯಮ ನೋಡಿದ್ದು 2026ರ ಜೂನ್‌ನಲ್ಲಿ, ಆಮೇಲೆ ಬದಲಾಗಿರಬಹುದು."

ತೋಟದ ಮಾತು ನಮ್ಮ ಜಿಲ್ಲೆಗೆ ಬೇಕೇಬೇಕು. ಇಲ್ಲಿ ಸಂಬಳದ ಜೊತೆ ನಾಲ್ಕು ಅಡಿಕೆ ಮರ ಇಲ್ಲದ ಮಾಷ್ಟ್ರು ಕಡಿಮೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ನಿಜ. ಆದರೆ ಅದು ವರ್ಷಕ್ಕೆ 5,000 ದಾಟಿದರೆ ಎಲ್ಲರೂ ಹಾಕುವ ಐಟಿಆರ್-1 ಹಾಕುವ ಹಾಗಿಲ್ಲ, ಸಾಮಾನ್ಯವಾಗಿ ಐಟಿಆರ್-2ಕ್ಕೆ ಹೋಗಬೇಕು. ಸಂಬಳದ ತೆರಿಗೆ ಯಾವ ದರದಲ್ಲಿ ಅಂತ ನೋಡುವಾಗಲೂ ತೋಟದ ಆದಾಯವನ್ನು ಸೇರಿಸಿ ನೋಡುತ್ತಾರೆ. ಶೇರಿನದು ಇನ್ನೊಂದು ತರ. ಅದರ ಲಾಭಕ್ಕೆ ವಿಶೇಷ ದರ ಇರುವುದರಿಂದ 12 ಲಕ್ಷದ ಒಳಗಿದ್ದರೂ ಆ ತೆರಿಗೆಗೆ ಮನ್ನಾ ಸಿಗುವುದಿಲ್ಲ. ಎರಡನ್ನೂ ಸ್ಲೈಡಿನಲ್ಲಿ ವಿವರಿಸಲು ಹೋಗಬೇಡಿ.

ಹಳೇ ಪದ್ಧತಿಗೂ ಒಂದೇ ಸ್ಲೈಡ್ ಸಾಕು. ಮನೆ ಬಾಡಿಗೆ ಭತ್ಯೆ, ಗೃಹಸಾಲ, ಎಲ್‌ಐಸಿ, ಪಿಎಫ್ ಎಲ್ಲ ಜೋರಾಗಿ ಇದ್ದವರು ಎರಡೂ ಕಡೆ ಲೆಕ್ಕ ಹಾಕಿ ನೋಡಿ ಅಂತ ಬರೆಯಿರಿ. ಜೊತೆಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತು ಸೇರಿಸಿ. ಆಫೀಸಿಗೆ ಹೊಸದು ಅಂತ ಹೇಳಿದ್ದರೂ ಸಂಬಳದಾರರು ರಿಟರ್ನಿನಲ್ಲಿ ಹಳೆಯದನ್ನು ಆರಿಸಬಹುದು, ಆದರೆ ಕೊನೆಯ ದಿನಾಂಕದ ಒಳಗೆ ಹಾಕಿದರೆ ಮಾತ್ರ. ತಡವಾದರೆ ಹೊಸದೇ ಗತಿ, ಮೇಲೆ 5,000 ಫೀಸು (ಆದಾಯ 5 ಲಕ್ಷದ ಒಳಗಿದ್ದರೆ 1,000).

ಕೊನೆಯ ದಿನಾಂಕ ಜುಲೈ 31. ಅದನ್ನು ಒಂದೇ ಸ್ಲೈಡಿನಲ್ಲಿ ಹಾಕಿ, ಬೇರೆಲ್ಲೂ ಬರೆಯಬೇಡಿ. 2025ರಲ್ಲಿ ಅದು ಮೊದಲು ಸೆಪ್ಟೆಂಬರ್ 15ಕ್ಕೆ ಹೋಯಿತು, ಆಮೇಲೆ ಇನ್ನೊಂದು ದಿನ ಕೊಟ್ಟು 16 ಆಯಿತು. ನಾನು ಆ ವರ್ಷ ಐದು ಸ್ಲೈಡಿನಲ್ಲಿ ಜುಲೈ 31 ಅಂತ ಬರೆದಿದ್ದೆ, ಐದನ್ನೂ ಎರಡೆರಡು ಸಲ ತಿದ್ದಿದೆ. ಅದೇ ಸ್ಲೈಡಿನಲ್ಲಿ ರಿಟರ್ನ್ ಹಾಕಿ 30 ದಿನದೊಳಗೆ `e-Verify` ಮಾಡಬೇಕು ಅಂತಲೂ ಬರೆಯಿರಿ. ಸಬ್ಮಿಟ್ ಒತ್ತಿ ಮಲಗಿದವರು ಪ್ರತಿ ವರ್ಷ ಇಬ್ಬರಾದರೂ ನನ್ನ ಹತ್ತಿರ ಬರುತ್ತಾರೆ.